ದ್ವಾದಶಿ ಪಾರಣೆ ಎಷ್ಟು ಗಂಟೆಗೆ?

ಪ್ರಶ್ನೆ: ನಮ್ಮದು ಹೊನ್ನಾವರದ ಹತ್ತಿರ ಕರ್ಕಿ. ಈಗ ಬೆಂಗಳೂರಿನಲ್ಲಿದ್ದೇವೆ. ಏಕಾದಶಿ ಉಪವಾಸ ಮಾಡಿ, ದ್ವಾದಶಿ ಬೆಳಿಗ್ಗೆ 7ಕ್ಕೇ ಊಟ ಮಾಡಿ ಆಫೀಸಿಗೆ ಹೋದೆ. ಆ ದಿನ ಹರಿವಾಸರ ಹನ್ನೊಂದೂವರೆವರೆಗೂ ಇತ್ತೆಂದು ಆಮೇಲೆ ತಿಳಿಯಿತು. ವ್ರತ ಕೆಟ್ಟಿತೇ? ಫಲಾಹಾರಕ್ಕೆ ಅವಲಕ್ಕಿ ನಡೆಯುತ್ತದೆಯೇ? ಸಕ್ಕರೆ ಕಾಯಿಲೆಯ ಅತ್ತೆಯವರು ಉಪವಾಸ ಬಿಡಲು ಒಪ್ಪುತ್ತಿಲ್ಲ.

ಉತ್ತರ: ತಾಯಿ, ತಿಳಿಯದೆ ಆದದ್ದಕ್ಕೆ ಹೆದರಬೇಡಿ. ವಿಷ್ಣುಸ್ಮರಣೆ ಮಾಡಿ, ಮುಂದಿನ ಸಲ ಸಮಯ ನೋಡಿಕೊಳ್ಳಿ.

ದ್ವಾದಶಿ ತಿಥಿಯ ಮೊದಲ ಕಾಲು ಭಾಗವೇ ಹರಿವಾಸರ. ಅದು ಕಳೆಯುವವರೆಗೆ ಅನ್ನ ಮುಟ್ಟಬಾರದು. ಲೆಕ್ಕ ಸುಲಭ. ದ್ವಾದಶಿ ಬೆಳಗಿನ ಜಾವ 5.40ಕ್ಕೆ ಹಿಡಿದು ಮರುದಿನ 5 ಗಂಟೆಗೆ ಮುಗಿಯುತ್ತದೆ ಅನ್ನಿ. ಒಟ್ಟು 23 ಗಂಟೆ 20 ನಿಮಿಷ. ಅದರ ಕಾಲು ಭಾಗ 5 ಗಂಟೆ 50 ನಿಮಿಷ. ಹಾಗಾಗಿ ಹರಿವಾಸರ 11.30ರವರೆಗೆ. ಅಂಥ ದಿನ ಬೆಳಿಗ್ಗೆ ಹಾಲು, ಹಣ್ಣು ತಗೊಂಡು ಹೊರಡಿ. ಮಧ್ಯಾಹ್ನ ತುಳಸಿ ಹಾಕಿದ ತೀರ್ಥ ತಗೊಂಡು ಡಬ್ಬಿ ಬಿಚ್ಚಿ. ದ್ವಾದಶಿಯಂದು ತುಳಸಿ ಕೊಯ್ಯುವಂತಿಲ್ಲ, ಮೊದಲೇ ಕೊಯ್ದಿಟ್ಟುಕೊಳ್ಳಿ.

ಇದಕ್ಕೆ ಉಲ್ಟಾ ಕೂಡ ಆಗುತ್ತದೆ. ದ್ವಾದಶಿ ಬೆಳಿಗ್ಗೆ 7.30ಕ್ಕೇ ಮುಗಿಯುವುದಾದರೆ, ಸೂರ್ಯೋದಯದ ನಂತರ ಅಷ್ಟರೊಳಗೆ ಪಾರಣೆ ಆಗಬೇಕು. ಅಡಿಗೆ ಆಗಿರದಿದ್ದರೆ ತೀರ್ಥವನ್ನಾದರೂ ತಗೊಳ್ಳಿ. ಭಾಗವತದ ಅಂಬರೀಷ ಮಾಡಿದ್ದೂ ಅದನ್ನೇ. ದೂರ್ವಾಸರು ನದಿಗೆ ಹೋದವರು ಬರಲಿಲ್ಲ, ದ್ವಾದಶಿ ಮುಗಿಯುತ್ತ ಬಂತು. ಅತಿಥಿಯನ್ನು ಬಿಟ್ಟು ಉಣ್ಣುವಂತಿಲ್ಲ, ಪಾರಣೆ ತಪ್ಪಿಸುವಂತೆಯೂ ಇಲ್ಲ. ನೀರು ಕುಡಿದರೆ ಉಂಡಂತೆಯೂ ಹೌದು, ಉಣ್ಣದಂತೆಯೂ ಹೌದು ಎಂದು ಅವನು ಬರೀ ನೀರಿನಿಂದ ಪಾರಣೆ ಮಾಡಿದ.

ಇನ್ನು ಅವಲಕ್ಕಿ. ಎಷ್ಟೋ ಮನೆಗಳಲ್ಲಿ ಅವಲಕ್ಕಿ, ಉಪ್ಪಿಟ್ಟು ಫಲಾಹಾರವೆಂದೇ ನಡೆದು ಬಂದಿದೆ. ಆದರೆ ಅವಲಕ್ಕಿ ಎಂದರೆ ಅಕ್ಕಿಯೇ, ರವೆ ಎಂದರೆ ಗೋಧಿಯೇ. ನಿಯಮದಿಂದ ಮಾಡುವವರು ಧಾನ್ಯ, ಬೇಳೆ ಎರಡನ್ನೂ ಬಿಡುತ್ತಾರೆ. ಹಾಲು, ಹಣ್ಣು, ಎಳನೀರು, ಗೆಣಸು ಆಗುತ್ತದೆ. ಸಬ್ಬಕ್ಕಿಯ ಹೆಸರಿನಲ್ಲಿ ಅಕ್ಕಿ ಇದ್ದರೂ ಅದು ಮರಗೆಣಸಿನದು; ಅದೂ ರೂಢಿಯಲ್ಲಿದೆ. ಒಗ್ಗರಣೆಗೆ ಇಂಗು ಬೇಡ, ಅಂಗಡಿಯ ಇಂಗಿಗೆ ಸಾಮಾನ್ಯವಾಗಿ ಗೋಧಿಹಿಟ್ಟೋ ಮೈದಾವೋ ಬೆರೆಸಿರುತ್ತಾರೆ.

ಪಾರಣೆಯ ಊಟ ಮೆತ್ತಗಿರಲಿ. ಖಾಲಿ ಹೊಟ್ಟೆಗೆ ಕರಿದದ್ದು, ಖಾರ ಬಿದ್ದರೆ ಉರಿ ಖಂಡಿತ. ನಮ್ಮ ಕಡೆಯ ಗಂಜಿಯೋ, ಅನ್ನ ತಂಬುಳಿಯೋ ಸಾಕು; ಜೊತೆಗೆ ನೆಲ್ಲಿಕಾಯಿ ಇದ್ದರೆ ಒಳ್ಳೆಯದು. ಆ ದಿನ ಹಗಲು ನಿದ್ದೆಯೂ, ರಾತ್ರಿ ಊಟವೂ ಇಲ್ಲ.

ಅತ್ತೆಯವರಿಗೆ ಈ ಮಾತು ಓದಿ ಹೇಳಿ: ಔಷಧದಿಂದ ವ್ರತ ಕೆಡುವುದಿಲ್ಲ ಎಂದು ಶಾಸ್ತ್ರವೇ ಹೇಳಿದೆ. ಆದರೆ ಮಾತ್ರೆ ನುಂಗಿ ಹೊಟ್ಟೆ ಖಾಲಿ ಬಿಟ್ಟರೆ ಸಕ್ಕರೆ ಇಳಿದುಬಿಡಬಹುದು. ವೈದ್ಯರನ್ನು ಕೇಳದೆ ಉಪವಾಸ ಬೇಡ. ಬೆವರು, ನಡುಕ ಬಂದರೆ ತಿಥಿ ನೋಡುತ್ತ ಕೂರದೆ ತಕ್ಷಣ ಸಕ್ಕರೆ ನೀರು ಕೊಡಿ. ಅವರು ಹೊತ್ತಿಗೆ ಸರಿಯಾಗಿ ಉಂಡು ಸಹಸ್ರನಾಮ ಹೇಳಿಕೊಳ್ಳಲಿ. ಅವರ ಪಾಲಿನ ಏಕಾದಶಿ ಅದೇ.