ಎರವಲು ಹೋದ ಸೀರೆ ಮತ್ತು ಒಂದು ಚೀಟಿ

ನೆರೆಮನೆಯವರಿಗೆ ಒಂದು ಚೀಟಿ ಬರೆಯಲು ನನಗೆ ನಾಲ್ಕು ದಿನ ಹಿಡಿಯಿತು. ಅದರಲ್ಲಿ ಬರೆಯಬೇಕಾದದ್ದು ಹೆಚ್ಚೇನೂ ಇರಲಿಲ್ಲ. ನಾನು ಕೊಟ್ಟ ಸೀರೆಯನ್ನು ಹಿಂದಿರುಗಿಸಿ ಎಂದಷ್ಟೇ ಕೇಳಬೇಕಿತ್ತು. ಆದರೆ ಲೇಖನಿ ಹಿಡಿದು ಕೂತಾಗ, ನಾನು ನಿಜಕ್ಕೂ ಏನನ್ನು ಕೇಳುತ್ತಿದ್ದೇನೆ ಎಂಬುದೇ ನನಗೆ ಸ್ಪಷ್ಟವಿಲ್ಲ ಎಂದು ತಿಳಿಯಿತು. ಸೀರೆಯನ್ನೇ? ಅದರ ಬೆಲೆಯನ್ನೇ? ಅಥವಾ ಅವರ ಬಾಯಿಂದ ಒಂದು 'ತಪ್ಪಾಯಿತು' ಎಂಬ ಮಾತನ್ನೇ?

ನಡೆದದ್ದು ಇಷ್ಟು. ಅವರ ಮಗಳ ನಿಶ್ಚಿತಾರ್ಥಕ್ಕೆಂದು ನನ್ನ ಮೈಸೂರು ರೇಷ್ಮೆ ಸೀರೆಯನ್ನು ಕೇಳಿದರು. ಕೆನೆಬಣ್ಣದ ಒಡಲು, ಕಡುಗೆಂಪು ಅಂಚು, ಅಂಚಿನುದ್ದಕ್ಕೂ ಜರಿ. ನನ್ನ ಮದುವೆಗೆ ತಾಯಿ ಕೊಟ್ಟದ್ದು. ಸಂತೋಷದಿಂದಲೇ ಕೊಟ್ಟೆ. ಊಟದ ಹೊತ್ತಿನಲ್ಲಿ ಸೆರಗಿನ ಮೇಲೆ ಸಾರು ಚೆಲ್ಲಿತಂತೆ. ಕಲೆಯಿರುವ ಸೀರೆಯನ್ನು ಹಾಗೇ ಹಿಂದಿರುಗಿಸುವುದು ಹೇಗೆಂದು ಆ ಅಕ್ಕ ರಾತ್ರಿಯೇ ಅದನ್ನು ಬಟ್ಟೆ ಒಗೆಯುವ ಪುಡಿಯಲ್ಲಿ ನೆನೆಸಿಟ್ಟು, ಬೆಳಗ್ಗೆ ತಿಕ್ಕಿ, ಬಿಸಿಲಿಗೆ ಹರವಿ, ಬಿಸಿ ಇಸ್ತ್ರಿ ಹಾಕಿ, ನೀಟಾಗಿ ಮಡಚಿ ತಂದುಕೊಟ್ಟರು. ನಾನು ಅವರೆದುರಿಗೇ ಮಡಿಕೆ ಬಿಚ್ಚಿದೆ. ನನ್ನ ಮುಖ ನೋಡಿಯೇ ಅವರಿಗೆ ಅರ್ಥವಾಯಿತು. "ಕೊಡು ತಂಗಿ, ನಾನೇ ಸರಿ ಮಾಡಿಸಿ ತರ್ತೇನೆ" ಎಂದು ಸೀರೆಯನ್ನು ಮರಳಿ ಕೊಂಡೊಯ್ದರು. ಆಮೇಲೆ ಮೂರು ತಿಂಗಳು ಕಳೆಯಿತು. ಸೀರೆಯೂ ಬರಲಿಲ್ಲ, ಅಕ್ಕನೂ ಬರಲಿಲ್ಲ. ದಿನಕ್ಕೆರಡು ಬಾರಿ ಬೇಲಿಯ ಬಳಿ ನಿಂತು ಮಾತಾಡುತ್ತಿದ್ದವರು ನನ್ನನ್ನು ಕಂಡರೆ ಒಳಗೆ ಹೋಗತೊಡಗಿದರು.

ಸೀರೆಗೆ ಆದದ್ದೇನು ಎಂಬುದನ್ನು ಮೊದಲು ಹೇಳಬೇಕು. ಯಾಕೆಂದರೆ ನ್ಯಾಯದ ಪ್ರಶ್ನೆ ಅಲ್ಲಿಂದಲೇ ಆರಂಭವಾಗುತ್ತದೆ. ರೇಷ್ಮೆ ಹತ್ತಿಯಂತಲ್ಲ. ನಮ್ಮ ಕೂದಲಿನಂತೆ ಅದೂ ಪ್ರೋಟೀನಿನ ಎಳೆ. ಬಟ್ಟೆ ಒಗೆಯುವ ಪುಡಿಗಳು ಸಾಮಾನ್ಯವಾಗಿ ಕ್ಷಾರಯುಕ್ತ; ಕಲೆ ತೆಗೆಯಲೆಂದು ಪ್ರೋಟೀನನ್ನು ಒಡೆಯುವ ವಸ್ತುವೂ ಹಲವು ಪುಡಿಗಳಲ್ಲಿ ಇರುತ್ತದೆ. ಸಾರಿನ ಕಲೆಯ ಜೊತೆಗೆ ಅದು ರೇಷ್ಮೆಯನ್ನೂ ತಿನ್ನುತ್ತದೆ. ಇನ್ನು ಮೈಸೂರು ರೇಷ್ಮೆಯಲ್ಲಿ ಹೆಸರಾದದ್ದು ಕ್ರೇಪ್. ಅದರ ನೂಲನ್ನು ಬಹಳ ಬಿಗಿಯಾಗಿ ಹುರಿಗೊಳಿಸಿ ನೇಯುತ್ತಾರೆ. ಆ ನೂಲು ನೀರಿನಲ್ಲಿ ನೆನೆದರೆ ಕುಗ್ಗುತ್ತದೆ. ಅಂಚಿನ ಜರಿಯೋ ಲೋಹದ ತಂತಿ ಸುತ್ತಿದ ಎಳೆ. ಅದು ಅಷ್ಟು ಕುಗ್ಗುವುದಿಲ್ಲ. ಒಡಲು ಕುಗ್ಗಿ ಅಂಚು ಹಾಗೆಯೇ ಉಳಿದಾಗ ಅಂಚು ಅಲೆಅಲೆಯಾಗಿ ಸುಕ್ಕುಗಟ್ಟುತ್ತದೆ. ನನ್ನ ಸೀರೆಯಲ್ಲಿ ಕಂಡದ್ದೂ ಇದೇ. ಜೊತೆಗೆ ಕೆಂಪು ಬಣ್ಣ ಕೆನೆಬಣ್ಣದೊಳಗೆ ಎರಡು ಬೆರಳಿನಷ್ಟು ಹರಡಿತ್ತು. ಬಟ್ಟೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಮೊದಲಿನ ಹೊಳಪು ಇರಲಿಲ್ಲ.

ಇವುಗಳಲ್ಲಿ ಸುಕ್ಕನ್ನು ಹಬೆ ಮತ್ತು ರೋಲ್ ಪ್ರೆಸ್ಸಿನಿಂದ ಬಹುಮಟ್ಟಿಗೆ ಎಳೆದು ಸರಿಪಡಿಸಬಹುದು. ಹರಡಿದ ಬಣ್ಣವನ್ನು ತೆಗೆಯಲು ಹೋದರೆ ಇದ್ದ ಬಣ್ಣಕ್ಕೂ ಅಪಾಯ. ಇಡೀ ಒಡಲಿಗೆ ಗಾಢ ಬಣ್ಣ ಹಾಕಿಸಿ ಮುಚ್ಚಬಹುದಷ್ಟೆ. ಹೋದ ಹೊಳಪು ಮಾತ್ರ ಮರಳಿ ಬರುವುದಿಲ್ಲ. ಅಂದರೆ ಅಕ್ಕ ಕೊಟ್ಟ 'ಸರಿ ಮಾಡಿಸಿ ತರ್ತೇನೆ' ಎಂಬ ಮಾತು ಅವರಿಂದಷ್ಟೇ ಅಲ್ಲ, ಯಾರಿಂದಲೂ ಈಡೇರಿಸಲಾಗದ ಮಾತಾಗಿತ್ತು. ಈಡೇರಿಸಲಾಗದ ಮಾತು ಕೊಟ್ಟವರು ತಲೆ ತಪ್ಪಿಸಿಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ. ಇದು ಹೊಳೆಯಲು ನನಗೆ ಮೂರು ತಿಂಗಳು ಬೇಕಾಯಿತು. ಅಲ್ಲಿಯವರೆಗೆ ಅವರ ಮೌನವನ್ನು ನಾನು ದುರಹಂಕಾರವೆಂದೇ ಓದಿಕೊಂಡಿದ್ದೆ.

ಹಾಗಾದರೆ ಹೊಣೆ ಯಾರದು? ಎರವಲಿನ ವಿಷಯದಲ್ಲಿ ಇಸ್ಲಾಮೀ ಕರ್ಮಶಾಸ್ತ್ರದ ಪಂಡಿತರು ಒಂದೇ ಅಭಿಪ್ರಾಯದವರಲ್ಲ. ಎರವಲು ವಸ್ತು ಪಡೆದವರ ಕೈಯಲ್ಲಿರುವ ಅಮಾನತ್ತು. ಅವರ ಅಲಕ್ಷ್ಯದಿಂದ ಅಥವಾ ಮೇರೆ ಮೀರಿದ ಬಳಕೆಯಿಂದ ಕೆಟ್ಟರೆ ಮಾತ್ರ ಹೊಣೆ ಎನ್ನುವುದು ಹನಫಿಗಳ ನಿಲುವು. ಪಡೆದವರು ಹೊಣೆಗಾರರೇ, ಆದರೆ ಅನುಮತಿಸಿದ ಬಳಕೆಯಿಂದ ಆದ ಸವೆತಕ್ಕೆ ಅಲ್ಲ ಎನ್ನುವುದು ಶಾಫಿಈಗಳ ನಿಲುವು. ನಮ್ಮ ರಾಜ್ಯದಲ್ಲಿ ಕರಾವಳಿಯ ಬ್ಯಾರಿಗಳು ಶಾಫಿಈ ಮದ್‌ಹಬಿನವರು, ಒಳನಾಡಿನ ಬಹುಪಾಲು ಮುಸ್ಲಿಮರು ಹನಫಿಗಳು. 1872ರ ಭಾರತೀಯ ಕರಾರು ಕಾಯ್ದೆಯೂ ಈ ಪ್ರಶ್ನೆಯನ್ನು ಎತ್ತಿಕೊಂಡಿದೆ. ಸಾಮಾನ್ಯ ವಿವೇಕವುಳ್ಳವರು ತಮ್ಮದೇ ಅಂಥ ವಸ್ತುವನ್ನು ಎಷ್ಟು ಜೋಪಾನ ಮಾಡುತ್ತಾರೋ ಅಷ್ಟು ಜೋಪಾನ ಪರರ ವಸ್ತುವಿಗೂ ಇರಬೇಕು ಎನ್ನುತ್ತದೆ ಅದರ 151ನೇ ಕಲಮು.

ಸೆರಗಿಗೆ ಸಾರು ಚೆಲ್ಲಿದ್ದನ್ನು ನಾನು ಉಡುವುದರ ಸಹಜ ಅಪಾಯವೆಂದೇ ಎಣಿಸುತ್ತೇನೆ. ಮದುವೆ ಮನೆಗೆ ಸೀರೆ ಕೊಟ್ಟವಳು ಅಷ್ಟನ್ನು ನಿರೀಕ್ಷಿಸಿರಬೇಕು. ಆದರೆ ನಾನು ಅನುಮತಿ ಕೊಟ್ಟದ್ದು ಉಡಲಿಕ್ಕೆ, ಒಗೆಯಲಿಕ್ಕಲ್ಲ. ಕಲೆಯೊಡನೆ ತಂದುಕೊಟ್ಟಿದ್ದರೆ ಡ್ರೈಕ್ಲೀನಿಂಗಿನವರ ಕೈಯಲ್ಲಿ ಅದು ಬಹುಶಃ ಹೋಗುತ್ತಿತ್ತು. ಆ ಲೆಕ್ಕದಲ್ಲಿ ಹೊಣೆ ಅವರದೇ. ಅಷ್ಟಾದರೂ ನನ್ನ ಪಾಲೂ ಇದೆ. ಕ್ರೇಪ್ ರೇಷ್ಮೆಗೆ ನೀರು ತಾಗಿಸಬಾರದೆಂದು ನನಗೆ ಗೊತ್ತಿತ್ತು, ಹೇಳಲಿಲ್ಲ. ಹೇಳಿದರೆ ಜಿಪುಣಿ ಎಂದುಕೊಂಡಾರೆಂಬ ಸಂಕೋಚ. ನಾನು ನುಂಗಿದ ಆ ಒಂದು ಮಾತಿನ ಬೆಲೆಯನ್ನು ಅವರೊಬ್ಬರೇ ತೆರಬೇಕೆನ್ನುವುದು ನ್ಯಾಯವಾಗಲಾರದು.

ಇಷ್ಟೆಲ್ಲ ಯೋಚಿಸಿ ಬರೆದ ಮೊದಲ ಚೀಟಿ ಹೀಗಿತ್ತು: "ಮೂರು ತಿಂಗಳಾಯಿತು. ಸೀರೆ ಹಾಳು ಮಾಡಿದ್ದಲ್ಲದೆ ಅದನ್ನು ಮರಳಿಸುವ ಯೋಚನೆಯೂ ನಿಮಗಿದ್ದಂತಿಲ್ಲ." ಓದಿ ನೋಡಿದೆ. ಮೊದಲ ವಾಕ್ಯ ಸತ್ಯ. ಎರಡನೆಯದು ಅವರ ಮನಸ್ಸಿನೊಳಗೆ ಹೊಕ್ಕು ನಾನು ಕೊಟ್ಟ ತೀರ್ಪು. ಸೀರೆ ಕೆಟ್ಟದ್ದನ್ನು ಕಂಡಿದ್ದೇನೆ, ಯೋಚನೆಯನ್ನು ಕಂಡಿಲ್ಲ. ಹರಿದು ಹಾಕಿದೆ.

ಎರಡನೆಯ ಚೀಟಿ ಜೇನಿನಂತಿತ್ತು: "ಸೀರೆ ಏನೂ ದೊಡ್ಡ ವಿಷಯವಲ್ಲ ಅಕ್ಕಾ, ನೀವು ಚಿಂತಿಸಬೇಡಿ, ಯಾವಾಗಲಾದರೂ ಅನುಕೂಲವಾದಾಗ..." ಇದು ಮೊದಲನೆಯದಕ್ಕಿಂತ ಕೆಟ್ಟದ್ದು. ಸೀರೆ ನನಗೆ ದೊಡ್ಡ ವಿಷಯವೇ ಆಗಿತ್ತು. ಅಲ್ಲವೆಂದು ಬರೆದರೆ ಸುಳ್ಳು. ಓದಿದವರಿಗೂ ಅದು ಸುಳ್ಳೆಂದು ತಿಳಿಯುತ್ತದೆ. ಹಾಗಾದರೆ ಇವಳಿಗೆ ನಿಜವಾಗಿ ಬೇಕಾದದ್ದೇನು ಎಂದು ಅವರು ಇನ್ನೊಂದು ತಿಂಗಳು ತಡಕಾಡಬೇಕು. ನಾವು ಸೌಜನ್ಯವೆಂದು ಕರೆಯುವ ಎಷ್ಟೋ ಮಾತುಗಳು ಎದುರಿಗಿರುವವರನ್ನು ಹೀಗೆ ಕತ್ತಲಲ್ಲಿ ನಿಲ್ಲಿಸಿಬಿಡುತ್ತವೆ.

ಆಗ ನೆನಪಾದದ್ದು ಸಫ್ವಾನ್ ಬಿನ್ ಉಮಯ್ಯರ ಪ್ರಸಂಗ. ಕ್ರಿ.ಶ. 630ರಲ್ಲಿ ಹುನೈನ್ ಯುದ್ಧಕ್ಕೆ ಮುನ್ನ ಪ್ರವಾದಿ ಮುಹಮ್ಮದ್(ಸ) ಅವರಿಂದ ಯುದ್ಧಕವಚಗಳನ್ನು ಕೇಳಿದರು. ಸಫ್ವಾನ್ ಆಗ ಇನ್ನೂ ಮುಸ್ಲಿಮರಾಗಿರಲಿಲ್ಲ. ಇದು ಕಸಿದುಕೊಳ್ಳುವುದೇ ಎಂದು ನೇರವಾಗಿಯೇ ಕೇಳಿದರು. ಅಲ್ಲ, ಹೊಣೆ ಹೊತ್ತು ಪಡೆಯುವ ಎರವಲು ಎಂಬ ಉತ್ತರ ಬಂತು. ಕೆಲವು ಕವಚಗಳು ಕಳೆದುಹೋದಾಗ ಪ್ರವಾದಿಯವರೇ(ಸ) ಪರಿಹಾರದ ಮಾತೆತ್ತಿದರು. ಸಫ್ವಾನ್ ಅದನ್ನು ಬೇಡವೆಂದರು ಎಂದು ವರದಿಗಳಲ್ಲಿದೆ. ಇಲ್ಲಿನ ಕ್ರಮವನ್ನು ಗಮನಿಸಬೇಕು. ಮೊದಲು ನಷ್ಟಕ್ಕೆ ಹೆಸರು ಸಿಕ್ಕಿತು, ಬಳಿಕ ಅದನ್ನು ತುಂಬಿಕೊಡುವ ಮಾತು ಬಂತು, ಬಿಟ್ಟುಕೊಟ್ಟದ್ದು ಕೊನೆಗೆ. ನಾನು ಮೂರು ತಿಂಗಳು ಸುಮ್ಮನಿದ್ದದ್ದನ್ನು ಕ್ಷಮೆಯೆಂದು ಭಾವಿಸಿದ್ದೆ. ಹೆಸರಿಡದ ಸಾಲವನ್ನು ಮನ್ನಾ ಮಾಡಲಾಗುವುದಿಲ್ಲ. ಅದು ಒಳಗೇ ಬಡ್ಡಿ ಬೆಳೆಸುತ್ತದೆ. ನನ್ನ ವಿಷಯದಲ್ಲಿ ಆ ಬಡ್ಡಿಯನ್ನು ಕಟ್ಟಿದವಳು ನನ್ನ ತಂಗಿ. ಫೋನಿನಲ್ಲಿ ಆ ಅಕ್ಕನ ಬಗ್ಗೆ ನಾನಾಡಿದ ಮಾತುಗಳನ್ನೆಲ್ಲ ಅವಳೇ ಕೇಳಬೇಕಾಯಿತು.

ಮುಖತಃ ಕೇಳಬಹುದಿತ್ತಲ್ಲ ಎನ್ನಬಹುದು. ಮುಖತಃ ಕೇಳಿದರೆ ಅವರು ಆ ಕ್ಷಣದಲ್ಲೇ ಏನಾದರೊಂದು ಹೇಳಬೇಕಾಗುತ್ತದೆ. ಅವಸರದಲ್ಲಿ ಇನ್ನೊಂದು ಈಡೇರದ ಮಾತು ಹೊರಬಿದ್ದೀತು. ಚೀಟಿಯಾದರೆ ಬಾಗಿಲು ಹಾಕಿಕೊಂಡು ಎರಡು ಬಾರಿ ಓದಬಹುದು. ಆದರೆ ಚೀಟಿ ಉಳಿಯುತ್ತದೆ, ಇನ್ನೊಬ್ಬರ ಕೈಗೂ ಹೋಗುತ್ತದೆ. ಆದ್ದರಿಂದ ಅವರ ಮಗಳು ಓದಿದರೂ ತಾಯಿಯ ಮಾನಕ್ಕೆ ಕುಂದು ಬಾರದಂತೆ ಬರೆಯಬೇಕೆಂದು ನಿಶ್ಚಯಿಸಿದೆ. ಕೊನೆಗೆ ಬರೆದದ್ದು ಇದು:

"ಅಕ್ಕಾ, ನಿಶ್ಚಿತಾರ್ಥಕ್ಕೆ ಕೊಟ್ಟ ಮೈಸೂರು ರೇಷ್ಮೆ ಸೀರೆಯನ್ನು ಈಗ ಹೇಗಿದೆಯೋ ಹಾಗೆಯೇ ಈ ಶುಕ್ರವಾರದೊಳಗೆ ಮನೆಗೆ ತಂದುಕೊಡುತ್ತೀರಾ? ಅದು ಅಮ್ಮ ಕೊಟ್ಟ ಸೀರೆಯಾದ್ದರಿಂದ ನನ್ನ ಬಳಿ ಇರಬೇಕೆಂದು ಆಸೆ. ನೀರಿಗೆ ಹಾಕಿದ್ದರಿಂದ ಅಂಚು ಸುಕ್ಕಾಗಿ ಬಣ್ಣ ಹರಡಿದ್ದನ್ನು ಕಂಡು ನನಗೆ ಬೇಸರವಾಗಿದ್ದು ನಿಜ. ಒಗೆಯಬಾರದೆಂದು ಕೊಡುವಾಗ ನಾನು ಹೇಳಬೇಕಿತ್ತು, ಅದು ನನ್ನ ತಪ್ಪು. ಪೂರ್ತಿ ಸರಿಯಾಗದೆಂದು ನನಗೆ ಗೊತ್ತು. ಹೊಸ ಸೀರೆಯನ್ನಾಗಲೀ ಅದರ ಬೆಲೆಯನ್ನಾಗಲೀ ನಾನು ಕೇಳುತ್ತಿಲ್ಲ. ರೋಲ್ ಪ್ರೆಸ್ ಮಾಡಿಸುವ ಖರ್ಚನ್ನು ನೀವು ಕೊಟ್ಟರೆ ಸಾಕು. ಬೇಲಿಯ ಬಳಿ ನಿಮ್ಮನ್ನು ಕಾಣದೆ ಬಹಳ ದಿನವಾಯಿತು. - ನಿಮ್ಮ ತಂಗಿ."

ಖರ್ಚಿನ ಮಾತು ಯಾಕೆ ಎಂದು ಮನೆಯವರು ಕೇಳಿದರು. ಏನೂ ಬೇಡವೆಂದರೆ ಅವರು ಎಂದಿಗೂ ನನ್ನ ಋಣದಲ್ಲೇ ತಲೆ ತಗ್ಗಿಸಿರಬೇಕು. ತೀರಿಸಬಲ್ಲಷ್ಟು ಚಿಕ್ಕ ಹೊಣೆಯೊಂದನ್ನು ಅವರ ಕೈಗಿಟ್ಟರೆ ಅದನ್ನು ತೀರಿಸಿ ತಲೆ ಎತ್ತಿ ನಿಲ್ಲಬಹುದು. ಉಳಿದದ್ದನ್ನು ನಾನು ಬಿಟ್ಟುಕೊಟ್ಟೆ, ಎಷ್ಟು ಬಿಟ್ಟೆನೆಂದು ಇಬ್ಬರಿಗೂ ಗೊತ್ತಿರುವಂತೆ ಬಿಟ್ಟೆ. ಚೀಟಿಯನ್ನು ಲಕೋಟೆಯಲ್ಲಿಟ್ಟು, ಮಕ್ಕಳ ಕೈಯಲ್ಲಿ ಕಳಿಸದೆ ಅವರ ಕೈಗೇ ಕೊಟ್ಟು ಬಂದೆ.

ಶುಕ್ರವಾರದವರೆಗೆ ಕಾಯಬೇಕಾಗಲಿಲ್ಲ. ಅಂದೇ ಮಗ್‌ರಿಬಿನ ಬಳಿಕ ಅಕ್ಕ ಬಂದರು. ಎರಡು ಅಂಗಡಿಗಳಿಗೆ ಸೀರೆ ಒಯ್ದಿದ್ದರಂತೆ, ಎರಡರಲ್ಲೂ ಆಗದೆಂದು ಹೇಳಿ ಕಳಿಸಿದ್ದರಂತೆ. "ಯಾವ ಮುಖ ಇಟ್ಟುಕೊಂಡು ಬರಲಿ ಅಂತಿದ್ದೆ" ಎಂದರು. ರೋಲ್ ಪ್ರೆಸ್ಸಿನ ಹಣವನ್ನು ಮೇಜಿನ ಮೇಲಿಟ್ಟರು. ತೆಗೆದುಕೊಂಡೆ.

ಸೀರೆಯ ಅಂಚು ಈಗ ಸಾಕಷ್ಟು ನೇರವಾಗಿದೆ. ಬಣ್ಣ ಹರಡಿದ ಜಾಗ ಹಾಗೆಯೇ ಇದೆ, ಹೊಳಪು ಬಂದಿಲ್ಲ. ಅದನ್ನು ನೋಡಿದಾಗ ಒಮ್ಮೊಮ್ಮೆ ಮನಸ್ಸು ಚುರುಕ್ಕೆನ್ನುವುದೂ ಉಂಟು. ಬಿಟ್ಟುಕೊಟ್ಟ ಮೇಲೆ ನೋವೇ ಇರಬಾರದೆಂದು ಯಾರೂ ಹೇಳಿಲ್ಲ. ಮೊನ್ನೆ ಅಕ್ಕ ತಮ್ಮ ಎರಡನೇ ಮಗಳಿಗೆಂದು ನನ್ನ ಇನ್ನೊಂದು ಸೀರೆ ಕೇಳಲು ಬಂದಿದ್ದರು. ಕೊಟ್ಟೆ. ಕೊಡುವಾಗ ಈ ಸಲ, ಏನೇ ಚೆಲ್ಲಿದರೂ ನೀರು ತಾಗಿಸದೆ ಹಾಗೆಯೇ ತನ್ನಿ ಎಂದು ಹೇಳಿದೆ.