ಎರಡು ಸಂಬಳ, ಎರಡು ತಾರೀಖು: ಕೊಳ್ಳೇಗಾಲದ ಸಂಸಾರವೊಂದರ ತಿಂಗಳ ಲೆಕ್ಕ

ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯಲ್ಲಿ ತಿಂಗಳ ಲೆಕ್ಕವನ್ನು ಎರಡು ಸಲ ಹಾಕಬೇಕಾಗುತ್ತದೆ. ಬರುವ ಹಣ ಹೋಗುವ ಹಣಕ್ಕೆ ಸಾಲುತ್ತದೆಯೇ ಎಂದು ನೋಡುವುದು ಮೊದಲನೆಯದು. ಹೋಗಬೇಕಾದ ದಿನಕ್ಕೆ ಆ ಹಣ ಖಾತೆಯಲ್ಲಿ ಇರುತ್ತದೆಯೇ ಎಂದು ನೋಡುವುದು ಎರಡನೆಯದು. ಹೆಚ್ಚಿನ ಮನೆಗಳಲ್ಲಿ ಮೊದಲನೆಯ ಲೆಕ್ಕ ಮಾತ್ರ ನಡೆಯುತ್ತದೆ. ಇಬ್ಬರ ಸಂಬಳದ ತಾರೀಖು ಬೇರೆಯಾದಾಗ ತೊಂದರೆ ಹುಟ್ಟುವುದು ಎರಡನೆಯದರಲ್ಲಿ.

ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಒಂದು ಮಾದರಿ ಸಂಸಾರವನ್ನು ಇಟ್ಟುಕೊಂಡು ನೋಡಿದರೆ ಇದು ಸ್ಪಷ್ಟವಾಗುತ್ತದೆ. ದಂಪತಿ ಕೊಳ್ಳೇಗಾಲದಲ್ಲಿ ಬಾಡಿಗೆ ಮನೆಯಲ್ಲಿದ್ದಾರೆ. ಹೆಂಡತಿ ಹನೂರು ತಾಲ್ಲೂಕಿನ ಸರ್ಕಾರಿ ಶಾಲೆಯ ಶಿಕ್ಷಕಿ; ಗಂಡ ಯಳಂದೂರಿನ ಖಾಸಗಿ ಸಂಸ್ಥೆಯೊಂದರಲ್ಲಿ ಲೆಕ್ಕ ಬರೆಯುವವರು. ಆಕೆಯ ಸಂಬಳ ಸಾಮಾನ್ಯವಾಗಿ 1ನೇ ತಾರೀಖಿಗೆ ಆಗುತ್ತದೆ; ಅನುದಾನ ಬಿಡುಗಡೆ ತಡವಾದ ತಿಂಗಳಲ್ಲಿ 12ರವರೆಗೂ ಹೋಗುತ್ತದೆ. ಆತನದು 7ಕ್ಕೆ. ಸಣ್ಣ ಸಂಸ್ಥೆಗಳು ಮರುತಿಂಗಳ 7ರೊಳಗೆ ಸಂಬಳ ಕೊಡಬೇಕೆಂದು 1936ರ ವೇತನ ಪಾವತಿ ಕಾಯ್ದೆಯೇ ಹೇಳಿತ್ತು. ಹಾಗಾಗಿ ಖಾಸಗಿಯಲ್ಲಿ ಆ ತಾರೀಖು ರೂಢಿಯಾಗಿದೆ.

ಲೆಕ್ಕಕ್ಕೆ ಹಿಡಿಯಬೇಕಾದದ್ದು ಖಾತೆಗೆ ಬಿದ್ದ ಹಣ, ಅಂದರೆ ನಿವ್ವಳ ಸಂಬಳ. ಶಿಕ್ಷಕಿಯ ವೇತನ ಚೀಟಿಯಲ್ಲಿ ಕೆಜಿಐಡಿ ವಿಮೆ, ಗುಂಪು ವಿಮೆ, ಎನ್‌ಪಿಎಸ್ ಶೇಕಡಾ 10, ವೃತ್ತಿ ತೆರಿಗೆ ಎಲ್ಲ ಕಡಿತವಾದ ಮೇಲೆ 40,000 ರೂಪಾಯಿ ಉಳಿಯುತ್ತದೆ ಎಂದುಕೊಳ್ಳೋಣ. ಗಂಡನಿಗೆ ಪಿಎಫ್, ಇಎಸ್‌ಐ ಕಳೆದು 18,000. ಒಟ್ಟು 58,000. ಸಂಬಳದಲ್ಲೇ ಕಡಿತವಾದ ಕೆಜಿಐಡಿ ಕಂತನ್ನೋ ಸೊಸೈಟಿ ಸಾಲವನ್ನೋ ಮತ್ತೆ ಖರ್ಚಿನ ಪಟ್ಟಿಗೆ ಸೇರಿಸಿದರೆ ಒಂದೇ ಹಣವನ್ನು ಎರಡು ಸಲ ಕಳೆದಂತಾಗುತ್ತದೆ. ಗೃಹಲಕ್ಷ್ಮಿ ಬರುವ ಮನೆಗಳಲ್ಲಿ ಆ 2,000 ರೂಪಾಯಿಗೆ ಗೊತ್ತಾದ ತಾರೀಖಿಲ್ಲದ ಕಾರಣ, ಅದನ್ನು ಈ ಲೆಕ್ಕದಿಂದ ಹೊರಗಿಡುವುದು ಕ್ಷೇಮ.

ಇನ್ನು ಪ್ರತಿ ತಿಂಗಳೂ ತಪ್ಪದ ಖರ್ಚುಗಳು. 3ನೇ ತಾರೀಖು ಬೈಕ್ ಸಾಲದ ಕಂತು 3,500. 5ಕ್ಕೆ ಮನೆ ಬಾಡಿಗೆ 7,000, ನಿವೇಶನ ಸಾಲದ ಕಂತು 14,000. 10ಕ್ಕೆ ಚೀಟಿ 5,000, ಊರಿನಲ್ಲಿರುವ ಅಪ್ಪ ಅಮ್ಮನಿಗೆ 4,000. 15ಕ್ಕೆ ಗ್ಯಾಸ್, ಫೋನು, ಕೇಬಲ್ ಸೇರಿ 2,000. ಜೂನ್ ತಿಂಗಳ ಶಾಲೆ ಫೀಸು, ಎಲ್‌ಐಸಿ, ಬೈಕಿನ ವಿಮೆ ಇಂಥ ವರ್ಷದ ಖರ್ಚುಗಳು ಸೇರಿ 48,000 ಆಗುವುದಾದರೆ, ಅದರ ಹನ್ನೆರಡನೇ ಒಂದು ಪಾಲು 4,000ವನ್ನು ಅದೇ 15ಕ್ಕೆ ಬೇರೆ ಖಾತೆಗೆ ಎತ್ತಿಡಬೇಕು. ಚೀಟಿಯಲ್ಲಿ ಲಾಭಾಂಶ ಕಳೆದು ಕಟ್ಟುವ ಹಣ ಕಡಿಮೆಯಾದರೂ ಪಟ್ಟಿಯಲ್ಲಿ ಪೂರ್ತಿ ಕಂತನ್ನೇ ಬರೆಯಬೇಕು. ಶಕ್ತಿ ಯೋಜನೆಯಿಂದ ಹನೂರಿಗೆ ಹೋಗಿಬರುವ ಸರ್ಕಾರಿ ಬಸ್ ಶಿಕ್ಷಕಿಗೆ ಉಚಿತ. ಗೃಹಜ್ಯೋತಿಯಲ್ಲಿ ಕರೆಂಟ್ ಬಿಲ್ಲು ಶೂನ್ಯ ಬಂದರೂ ಬಳಕೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕಾಗುವುದನ್ನು ಮರೆಯಬಾರದು.

ಇವೆಲ್ಲ ಕೂಡಿದರೆ 39,500. ಉಳಿದ 18,500ರಲ್ಲಿ ದಿನಸಿ, ತರಕಾರಿ, ಹಾಲು, ಪೆಟ್ರೋಲ್, ಔಷಧಿ. ದಿನಕ್ಕೆ 600ರಂತೆ 18,000 ಆಗಿ, ತಿಂಗಳ ಕೊನೆಗೆ 500 ರೂಪಾಯಿ ಮಿಗುತ್ತದೆ. ಮೊದಲನೆಯ ಲೆಕ್ಕದಲ್ಲಿ ಸಂಸಾರ ಪಾಸಾಯಿತು.

ಎರಡನೆಯ ಲೆಕ್ಕಕ್ಕೆ ತಿಂಗಳ ಕ್ಯಾಲೆಂಡರ್ ಬೇಕು. ಹಿಂದಿನ ತಿಂಗಳ ಉಳಿಕೆ 3,000ದಿಂದ ಶುರುಮಾಡಿ, ಬಂದದ್ದನ್ನು ಕೂಡುತ್ತ, ಹೋದದ್ದನ್ನು ಮತ್ತು ದಿನದ 600ನ್ನು ಕಳೆಯುತ್ತ, ಪ್ರತಿ ಸಂಜೆಯ ಉಳಿಕೆ ಬರೆಯಬೇಕು. ಸಂಬಳ 1ಕ್ಕೆ ಆದ ತಿಂಗಳಲ್ಲಿ, 5ರ ಎರಡೂ ದೊಡ್ಡ ಖರ್ಚುಗಳಾದ ಮೇಲೂ 15,500 ಇರುತ್ತದೆ. 15ರ ಸಂಜೆಗೆ 12,500, ತಿಂಗಳ ಕೊನೆಗೆ 3,500. ಎಲ್ಲೂ ಕೊರತೆಯಿಲ್ಲ.

ಅದೇ ಮನೆಯಲ್ಲಿ ಶಿಕ್ಷಕಿಯ ಸಂಬಳ 12ಕ್ಕೆ ಆದ ತಿಂಗಳನ್ನು ನೋಡಬೇಕು. 3ನೇ ತಾರೀಖಿಗೇ 2,300 ಕಡಿಮೆ ಬೀಳುತ್ತದೆ. 5ರ ಸಂಜೆಗೆ ಕೊರತೆ 24,500. 7ಕ್ಕೆ ಗಂಡನ ಸಂಬಳ ಬಂದು ಅದು 7,700ಕ್ಕೆ ಇಳಿದರೂ, 10ರ ಚೀಟಿ ಮತ್ತು ಊರಿನ ಹಣದಿಂದ ಮತ್ತೆ 18,500 ಆಗುತ್ತದೆ. 12ಕ್ಕೆ 40,000 ಬಿದ್ದ ಮೇಲಷ್ಟೇ ಉಸಿರು. ವರಮಾನವಾಗಲಿ ಖರ್ಚಾಗಲಿ ಒಂದು ರೂಪಾಯಿಯೂ ಬದಲಾಗಿಲ್ಲ. ಬದಲಾದದ್ದು ತಾರೀಖು ಮಾತ್ರ. ಆದರೂ ಎರಡು ಕಂತು ಬೌನ್ಸ್ ಆಗಿ, ಸಾಲ ಕೊಟ್ಟವರ ದಂಡ ಮತ್ತು ಬ್ಯಾಂಕಿನ ಶುಲ್ಕ ಎರಡೂ ಬೀಳುತ್ತವೆ, ಸಿಬಿಲ್‌ನಲ್ಲೂ ದಾಖಲಾಗಬಹುದು. ರಜೆಯ ದಿನವೆಂದು ಕಂತು ಮುಂದಕ್ಕೆ ಹೋಗುವುದೂ ಇಲ್ಲ. 2021ರ ಆಗಸ್ಟ್ 1ರಿಂದ ಸ್ವಯಂ ಕಡಿತದ ವ್ಯವಸ್ಥೆ ಭಾನುವಾರವೂ ನಡೆಯುತ್ತದೆ.

24,500ರ ಕೊರತೆಯನ್ನು ಉಳಿತಾಯದಿಂದಲೇ ತುಂಬುವುದಾದರೆ, ತಿಂಗಳಿಗೆ 500ರಂತೆ ನಾಲ್ಕು ವರ್ಷಕ್ಕೂ ಹೆಚ್ಚು ಬೇಕು. ಅದರ ಬದಲು ತಾರೀಖನ್ನೇ ಸರಿಸುವುದು ಸುಲಭ. ಎರಡೂ ಸಾಲದ ಕಂತುಗಳನ್ನು 15ಕ್ಕೆ ಬದಲಿಸಿಕೊಂಡು, ಮನೆ ಮಾಲೀಕರನ್ನು ಕೇಳಿ ಬಾಡಿಗೆಯನ್ನು 8ಕ್ಕೆ ಮಾಡಿಕೊಂಡರೆ, ಸಂಬಳ ತಡವಾದ ತಿಂಗಳಲ್ಲೂ ಅತಿ ಹೆಚ್ಚಿನ ಕೊರತೆ 11ರ ಸಂಜೆಯ 1,600 ಮಾತ್ರ. 15ರ ಸಂಜೆಗೆ ಉಳಿಕೆ 12,500ಕ್ಕೆ ಬಂದು, ಸಂಬಳ ಬೇಗ ಆದ ತಿಂಗಳಿಗೆ ಸಮವಾಗುತ್ತದೆ. ಈ 1,600ನ್ನು ತುಂಬಲು ತಿಂಗಳ ಕೊನೆಯ ಉಳಿಕೆಯನ್ನು 3,000ದಿಂದ 5,000ಕ್ಕೆ ಏರಿಸಿದರೆ ಸಾಕು. ನಾಲ್ಕು ತಿಂಗಳ ಮಿಗಿತದಲ್ಲಿ ಅದು ಆಗುತ್ತದೆ. ತುಟ್ಟಿಭತ್ಯೆಯ ಬಾಕಿ ಬಂದರೆ ಒಂದೇ ತಿಂಗಳಲ್ಲಿ ಆಗುತ್ತದೆ.

ಇದಕ್ಕೂ ಮಿತಿಯಿದೆ. ಕಂತಿನ ತಾರೀಖು ಬದಲಿಸಲು ಎಲ್ಲ ಸಾಲದ ಸಂಸ್ಥೆಗಳೂ ಒಪ್ಪುವುದಿಲ್ಲ. ಒಪ್ಪಿದರೂ ಹೆಚ್ಚುವರಿ ದಿನಗಳ ಬಡ್ಡಿಯನ್ನು ಒಂದು ಸಲ ಹಾಕಬಹುದು. ಚೀಟಿಯ ತಾರೀಖು ಗುಂಪಿನದ್ದಾದ್ದರಿಂದ ಒಬ್ಬರಿಗಾಗಿ ಬದಲಾಗದು. ಖಾತೆಯ ವಿಷಯದಲ್ಲೂ ಎಚ್ಚರ ಬೇಕು. ಗಂಡನ ಖಾತೆಯಲ್ಲಿ ಹಣವಿದ್ದು ಕಂತು ಹೆಂಡತಿಯ ಖಾತೆಯಿಂದ ಹೋಗುವುದಾದರೆ, ಇಬ್ಬರ ಉಳಿಕೆ ಕೂಡಿದಾಗ ಸರಿಯಿದ್ದರೂ ಕಂತು ಬೌನ್ಸ್ ಆಗುತ್ತದೆ. ನಿಗದಿತ ಖರ್ಚುಗಳೆಲ್ಲ ಒಂದೇ ಜಂಟಿ ಖಾತೆಯಿಂದ ಹೋಗುವಂತೆ ಮಾಡಿ, ಸಂಬಳವಾದ ದಿನವೇ ಇಬ್ಬರೂ ಅದಕ್ಕೆ ತಮ್ಮ ಪಾಲು ಹಾಕಿದರೆ ಈ ತೊಡಕಿಲ್ಲ.

ಹೊರದೇಶದ ಸಂಸಾರಕ್ಕೂ ಇದೇ ಕ್ರಮ ಹೊಂದುತ್ತದೆ. ಅಮೆರಿಕದಲ್ಲಿ ಒಬ್ಬರಿಗೆ ಎರಡು ವಾರಕ್ಕೊಮ್ಮೆ, ಇನ್ನೊಬ್ಬರಿಗೆ ತಿಂಗಳಿಗೊಮ್ಮೆ ಸಂಬಳವಾಗುವ ಮನೆಗಳಿವೆ. ಎರಡು ವಾರದ ಸಂಬಳ ವರ್ಷಕ್ಕೆ 26 ಸಲ ಬರುವುದರಿಂದ ಎರಡು ತಿಂಗಳಲ್ಲಿ ಮೂರು ಸಲ ಬೀಳುತ್ತದೆ. ತಿಂಗಳ ಲೆಕ್ಕಕ್ಕೆ ಎರಡೇ ಸಂಬಳ ಹಿಡಿದು, ಆ ಹೆಚ್ಚಿನ ಎರಡನ್ನು ವರ್ಷದ ಖರ್ಚಿನ ಖಾತೆಗೆ ಹಾಕುವುದು ಸರಿಯಾದ ದಾರಿ.

ಈ ಲೆಕ್ಕವನ್ನು ಪ್ರತಿ ತಿಂಗಳೂ ಹೊಸದಾಗಿ ಹಾಕಬೇಕಿಲ್ಲ. ಹೊಸ ಸಾಲ ತೆಗೆದಾಗ, ಹಳೆಯದು ತೀರಿದಾಗ, ಬಾಡಿಗೆ ಏರಿದಾಗ, ಇಬ್ಬರಲ್ಲಿ ಒಬ್ಬರ ಸಂಬಳದ ತಾರೀಖು ಬದಲಾದಾಗ ಹಾಕಿದರೆ ಸಾಕು. ಹಾಕುವಾಗ ಪ್ರತಿ ಸಂಬಳಕ್ಕೂ ಹಿಂದಿನ ಒಂದು ವರ್ಷದಲ್ಲಿ ಅತಿ ತಡವಾಗಿ ಬಂದ ತಾರೀಖನ್ನೇ ಹಿಡಿಯಬೇಕು.