ಐದು ಸಾವಿರದ ಇನ್ಸೆಂಟಿವ್ ಏಕೆ ಕೆಲಸ ಮಾಡಲಿಲ್ಲ?

ಬೆಂಗಳೂರಿನ ಒಂದು ಕಾಲ್ ಸೆಂಟರ್ ಎಂದಿಟ್ಟುಕೊಳ್ಳಿ. ರಾತ್ರಿ ಪಾಳಿ, ಅಮೆರಿಕದ ಕ್ರೆಡಿಟ್ ಕಾರ್ಡ್ ಗ್ರಾಹಕರು. ಎಎಚ್‌ಟಿ, ಅಂದರೆ ಒಂದು ಕಾಲಿಗೆ ಹಿಡಿಯುವ ಸರಾಸರಿ ಸಮಯ, 6 ನಿಮಿಷದೊಳಗಿದ್ದರೆ ತಿಂಗಳಿಗೆ 3,000 ರೂಪಾಯಿ ಇನ್ಸೆಂಟಿವ್. ಹೆಚ್ಚಿನವರು ಗುರಿ ಮುಟ್ಟದಿದ್ದಾಗ ಮ್ಯಾನೇಜರ್ ಅದನ್ನು 5,000ಕ್ಕೆ ಏರಿಸುತ್ತಾರೆ. ಎಎಚ್‌ಟಿ ಮಾತ್ರ ಅಲುಗಾಡುವುದಿಲ್ಲ.

ಅಬ್ರಹಾಂ ಮಾಸ್ಲೊ 1943ರಲ್ಲಿ ಮನುಷ್ಯನ ಅಗತ್ಯಗಳನ್ನು ಮೆಟ್ಟಿಲುಗಳಾಗಿ ಜೋಡಿಸಿದ: ದೇಹದ ಅಗತ್ಯ, ಭದ್ರತೆ, ಪ್ರೀತಿ, ಗೌರವ, ಕೊನೆಗೆ ತನ್ನ ಸಾಮರ್ಥ್ಯದ ಪೂರ್ಣ ಅರಳುವಿಕೆ. ನಿದ್ದೆಗೆಟ್ಟವನಿಗೆ ‘ತಿಂಗಳ ತಾರೆ’ ಪ್ರಮಾಣಪತ್ರ ಕೊಟ್ಟು ಉಪಯೋಗವಿಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಆದರೆ ನಮ್ಮ ಪ್ರಶ್ನೆಗೆ ಇಲ್ಲಿ ಉತ್ತರ ಸಿಗದು.

ಫ್ರೆಡರಿಕ್ ಹರ್ಜ್‌ಬರ್ಗ್ ಇನ್ನೂ ಹತ್ತಿರ ಬರುತ್ತಾನೆ. ಪಿಟ್ಸ್‌ಬರ್ಗ್ ಸುತ್ತಲಿನ ಸುಮಾರು 200 ಎಂಜಿನಿಯರ್ ಮತ್ತು ಅಕೌಂಟೆಂಟ್‌ಗಳನ್ನು ಮಾತಾಡಿಸಿ, 1959ರಲ್ಲಿ ಅವನು ಹೇಳಿದ್ದು ಇಷ್ಟು: ಬೇಸರ ತರುವ ಕಾರಣಗಳೇ ಬೇರೆ, ಹುರುಪು ತರುವ ಕಾರಣಗಳೇ ಬೇರೆ. ಕ್ಯಾಬ್ ಸಮಯಕ್ಕೆ ಬಂದರೆ ಗೊಣಗಾಟ ನಿಲ್ಲುತ್ತದೆ, ಅಷ್ಟೇ. ಸೂಪರ್‌ವೈಸರನ್ನು ಕೇಳದೆಯೇ ಒಂದು ಮಿತಿಯವರೆಗೆ ಲೇಟ್ ಫೀ ಮನ್ನಾ ಮಾಡುವ ಅಧಿಕಾರ ಕೊಟ್ಟರೆ ಕೆಲಸವೇ ಬೇರೆಯಾಗುತ್ತದೆ. ಗೆಲುವು ತನ್ನದು, ಸೋಲು ಕಂಪನಿಯದು ಎನ್ನುವುದು ಮನುಷ್ಯಸಹಜ. ಹಾಗಾಗಿ, ಅವರವರ ಬಾಯಿಂದಲೇ ಕೇಳಿದ್ದರಿಂದ ಬೇಸರ ಮತ್ತು ಹುರುಪಿನ ಕಾರಣಗಳು ಬೇರೆಬೇರೆಯಾಗಿ ಕಂಡವು ಎಂಬ ಟೀಕೆಯೂ ಇದೆ, ನ್ಯಾಯವಾದದ್ದೇ.

ಗಂಟು ಬಿಡಿಸುವವನು ವಿಕ್ಟರ್ ವ್ರೂಮ್ (1964). ಅವನ ಪ್ರಕಾರ ಏಜೆಂಟ್ ಮೂರು ಪ್ರಶ್ನೆ ಕೇಳಿಕೊಳ್ಳುತ್ತಾನೆ: ಕಷ್ಟಪಟ್ಟರೆ ಗುರಿ ಮುಟ್ಟೀತೇ? ಮುಟ್ಟಿದರೆ ಹಣ ಬಂದೀತೇ? ಆ ಹಣ ನನಗೆಷ್ಟು ಬೇಕು? ಉತ್ತರಗಳನ್ನು ಕೂಡುವುದಲ್ಲ, ಗುಣಿಸುವುದು. ಒಂದು ಸೊನ್ನೆಯಾದರೆ ಎಲ್ಲವೂ ಸೊನ್ನೆ.

ನಮ್ಮ ಏಜೆಂಟ್‌ಗೆ ಯಾವ ಕಾಲ್ ಬೀಳುತ್ತದೆಂಬುದು ಅವನ ಕೈಯಲ್ಲಿಲ್ಲ. ‘ಈ ಖರ್ಚು ನಾನು ಮಾಡಿದ್ದಲ್ಲ’ ಎಂಬ ಡಿಸ್ಪ್ಯೂಟ್ ಕಾಲ್ ಏನು ಮಾಡಿದರೂ ಹನ್ನೆರಡು ನಿಮಿಷ ತಿನ್ನುತ್ತದೆ. ಆದ್ದರಿಂದ ಮೊದಲ ಪ್ರಶ್ನೆಗೆ ಅವನ ನಂಬಿಕೆ 0.2 ಎನ್ನೋಣ. ಗ್ರಾಹಕರ ಗುರುತು ಪರಿಶೀಲಿಸುವುದು ಒಮ್ಮೆ ತಪ್ಪಿದರೂ ಅದು ‘ಫೇಟಲ್’. ಕ್ವಾಲಿಟಿಯವರು ಸೊನ್ನೆ ಹಾಕುತ್ತಾರೆ, ಇನ್ಸೆಂಟಿವ್ ಹೋಯಿತು. ಎರಡನೆಯದು 0.5. ಎರಡನ್ನೂ ಗುಣಿಸಿದರೆ 0.1. ಅವನ ಮನಸ್ಸಿನಲ್ಲಿ 3,000 ಬರೀ 300, 5,000 ಬರೀ 500. ಡಿಸ್ಪ್ಯೂಟ್ ಕಾಲ್‌ಗಳನ್ನು ಸರಾಸರಿಯಿಂದ ಹೊರಗಿಟ್ಟು ಮೊದಲ ನಂಬಿಕೆ 0.6ಕ್ಕೇರಿದರೆ, ಹಳೆಯ 3,000 ರೂಪಾಯಿಯೇ 900ರಷ್ಟು ತೂಗುತ್ತದೆ.

ಯಾರೂ ಹೀಗೆ ಲೆಕ್ಕ ಹಾಕಿಕೊಂಡು ಹೆಡ್‌ಸೆಟ್ ಹಾಕುವುದಿಲ್ಲ, ನಿಜ. ಯಾವ ಗುರಿ ಸರಿ ಎಂಬ ವಿವೇಕವನ್ನೂ ಈ ಗುಣಾಕಾರ ಕೊಡದು. ಎಎಚ್‌ಟಿಗಷ್ಟೇ ಹಣ ಕಟ್ಟಿದರೆ, ಕಷ್ಟದ ಕಾಲನ್ನು ಬೇರೆಯವರಿಗೆ ದಾಟಿಸುವುದೋ ಕತ್ತರಿಸುವುದೋ ಶುರುವಾಗುತ್ತದೆ. ಪತ್ತೆ ಹಚ್ಚುವುದು ಸುಲಭ: ಎಎಚ್‌ಟಿ ಇಳಿಯುತ್ತಿರುವಾಗಲೇ ಅದೇ ಗ್ರಾಹಕರು ಅದೇ ವಾರ ಮತ್ತೆ ಫೋನ್ ಮಾಡುವುದು ಏರುತ್ತಿರುತ್ತದೆ.